ಅನಿಮೇಷನ್‌ಗೆ ಯಾವ ಕ್ಯಾಲಿಬ್ರೇಷನ್: ತಟ್ಟುವುದೋ, ಸ್ಲೈಡರೋ?

ರಿದಮ್ ಗೇಮ್‌ನಲ್ಲಿ ಪಾತ್ರದ ಅನಿಮೇಷನ್ ಹಾಡಿಗೆ ಹೊಂದಬೇಕಾದರೆ ಸಾಧನದ ವಿಳಂಬವನ್ನು ಅಳೆಯಬೇಕು. ಆಟಗಾರನಿಂದ ಬೀಟ್‌ಗೆ ತಟ್ಟಿಸಿ ಅಳೆದರೆ ಬರುವುದು ಬರೀ ಆಡಿಯೊ ವಿಳಂಬವಲ್ಲ. ಟಚ್‌ನ ವಿಳಂಬವೂ ಸೇರುತ್ತದೆ. ಜೊತೆಗೆ ಹೆಚ್ಚಿನವರು ಬೀಟ್‌ಗಿಂತ ತುಸು ಮೊದಲೇ ತಟ್ಟುತ್ತಾರೆ. ಸ್ಲೈಡರ್ ಪರೀಕ್ಷೆಯಲ್ಲಿ ಆಟಗಾರ ಮಿನುಗುವ ಚುಕ್ಕಿಯನ್ನು ಕ್ಲಿಕ್ ಸದ್ದಿಗೆ ಹೊಂದಿಸುತ್ತಾನೆ. ಸಿಗುವುದು ಆಡಿಯೊ ಮತ್ತು ಪರದೆಯ ವಿಳಂಬಗಳ ವ್ಯತ್ಯಾಸ. ಅನಿಮೇಷನ್‌ಗೆ ಬೇಕಿರುವುದೂ ಅದೇ.

ಬ್ಲೂಟೂತ್ ಹೆಡ್‌ಫೋನ್‌ನ ವಿಳಂಬ 180 ಮಿಲಿಸೆಕೆಂಡ್, ಟಚ್ 40, ಪರದೆ 30, ಬೆರಳು 30 ಮೊದಲೇ ಎಂದಿಟ್ಟುಕೊಳ್ಳಿ. ತಟ್ಟಿದರೆ 180+40−30, ಅಂದರೆ 190. ಸ್ಲೈಡರ್‌ನಲ್ಲಿ 180−30, ಅಂದರೆ 150. ಅನಿಮೇಷನ್‌ಗೂ 190 ಬಳಸಿದರೆ ಪಾತ್ರದ ಹೆಜ್ಜೆ ಸದ್ದಿಗಿಂತ 40 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ. ಅಂಕಗಳು ಮಾತ್ರ ಸರಿಯಾಗಿರುವುದರಿಂದ ದೋಷ ಬೇಗ ಸಿಕ್ಕಿಬೀಳುವುದಿಲ್ಲ.

ಹಾಗಾಗಿ ಅನಿಮೇಷನ್‌ಗೆ ಸ್ಲೈಡರನ್ನೇ ಆರಿಸಿ, ತಟ್ಟಿದ ಮೌಲ್ಯವನ್ನು ಹೊಡೆತದ ತೀರ್ಪಿಗೆ ಬೇರೆಯಾಗಿ ಉಳಿಸಿ. 120 ಬಿಪಿಎಂ ಹಾಡಿಗೆ, ಸೆಕೆಂಡ್‌ಗಳಲ್ಲಿ:

```
beat = (songTime - 0.150) / 0.5
hitError = tapTime - 0.190 - noteTime
```

`songTime` ಮತ್ತು `tapTime` ಎರಡೂ ಆಡಿಯೊ ಗಡಿಯಾರದ್ದೇ ಆಗಿರಲಿ. ಫ್ರೇಮ್ ಸಮಯ ಕೂಡುತ್ತ ಹೋದರೆ ಹಾಡು ಮುಂದುವರಿದಂತೆ ಅಂತರ ಬೆಳೆಯಬಹುದು, ಅದನ್ನು ಯಾವ ಸ್ಲೈಡರೂ ಸರಿಪಡಿಸದು.

ಸ್ಲೈಡರ್‌ಗೂ ಒಂದು ಮಿತಿಯಿದೆ: ಕ್ಲಿಕ್ 500 ಮಿಲಿಸೆಕೆಂಡ್‌ಗೊಮ್ಮೆ ಬಂದರೆ 150 ಮತ್ತು −350 ಒಂದೇ ಥರ ಕಾಣುತ್ತವೆ. ಪರೀಕ್ಷೆಯ ಕ್ಲಿಕ್‌ಗಳನ್ನು ಒಂದು ಸೆಕೆಂಡ್ ಅಂತರದಲ್ಲಿಡಿ.