ಅಳುವ ಸೀನ್‌ಗೆ ಫೇಸ್ ಸ್ವಾಪ್ ಮಾಡಿಸ್ತೀರಾ? ಮೊದಲು ಇದನ್ನು ಓದಿ

ಕಿರುಚಿತ್ರ ಮಾಡುವವರೇ, ಮಳೆ, ಬೆವರು, ಕಣ್ಣೀರು ಇರುವ ಶಾಟ್ ಅನ್ನು ಫೇಸ್ ಸ್ವಾಪ್‌ಗೆ ಕೊಡುವ ಮೊದಲು ಸ್ವಲ್ಪ ತಡೆಯಿರಿ. ನನ್ನ ಚಿತ್ರದ ಕ್ಲೈಮ್ಯಾಕ್ಸ್ ಹಾಳಾಗಿದ್ದು ಇಲ್ಲೇ. ಹೊಟ್ಟೆ ಇನ್ನೂ ಉರಿಯುತ್ತಿದೆ.

ನಾಯಕಿಯ ಕಾಲಿಗೆ ಪೆಟ್ಟಾಗಿ ಮಳೆಯ ಸೀನ್‌ಗೆ ಬರಲು ಆಗಲಿಲ್ಲ. ಅವರ ಲಿಖಿತ ಒಪ್ಪಿಗೆ ಪಡೆದು ಡ್ಯೂಪ್ ಇಟ್ಟು ಶೂಟ್ ಮಾಡಿದೆವು. ಆ ಹುಡುಗಿ ನಿಜವಾಗಿಯೂ ಅತ್ತಳು. ಆಮೇಲೆ ಅವಳ ಮುಖದ ಜಾಗಕ್ಕೆ ನಾಯಕಿಯ ಮುಖ ಕೂರಿಸಲು ಒಬ್ಬ ವಿಎಫ್‌ಎಕ್ಸ್‌ನವನಿಗೆ ಕೊಟ್ಟೆ. ಅವನು ತೋರಿಸಿದ ಡೆಮೊ ಚೆನ್ನಾಗಿತ್ತು. ಆದರೆ ಅದರಲ್ಲಿದ್ದ ಮುಖಗಳೆಲ್ಲ ಒಣ ಮುಖಗಳು. ಒದ್ದೆ ಮುಖವೂ ಆಗುತ್ತಾ ಅಂತ ಬಾಯಿಬಿಟ್ಟು ಕೇಳಿದ್ದೆ. "ಅದೆಲ್ಲ ಆಟೋಮ್ಯಾಟಿಕ್ ಬರುತ್ತೆ ಸರ್" ಅಂದ.

ಬರಲಿಲ್ಲ.

ಫೈಲ್ ಬಂದಾಗ ಮೊದಲ ಸಲ ಮೊಬೈಲ್‌ನಲ್ಲಿ ನೋಡಿದೆ, ಪರವಾಗಿಲ್ಲ ಅನ್ನಿಸಿತು. ದೊಡ್ಡ ಮಾನಿಟರ್‌ಗೆ ಹಾಕಿದಾಗ ತಲೆ ತಿರುಗಿತು. ಕುತ್ತಿಗೆ ಮಳೆಯಲ್ಲಿ ನೆಂದು ಹೊಳೆಯುತ್ತಿದೆ, ಮುಖ ಮಾತ್ರ ಈಗ ತಾನೇ ಪೌಡರ್ ಹಾಕಿಕೊಂಡ ಹಾಗಿದೆ. ಹಣೆಗೆ ಅಂಟಿದ್ದ ಒದ್ದೆ ಕೂದಲಿನ ಎಳೆ ಹುಬ್ಬಿನ ಮೇಲೆ ಬರುವಷ್ಟರಲ್ಲಿ ಮಾಯ. ಅದೂ ಹೋಗಲಿ ಅಂದುಕೊಳ್ಳಿ. ಕಣ್ಣೀರು! ಕೆನ್ನೆ ಪೂರ್ತಿ ಒಣಗಿದೆ, ದವಡೆಯ ಅಂಚಿನಲ್ಲಿ ಎಲ್ಲಿಂದಲೋ ಒಂದು ಹನಿ ಹುಟ್ಟಿ ಗಲ್ಲದಿಂದ ತೊಟ್ಟಿಕ್ಕುತ್ತದೆ. ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಿದೆ. ಅದೇ. ಮಾಸ್ಕ್, ಅಂದರೆ ಹೊಸ ಮುಖ ಎಲ್ಲಿವರೆಗೆ ಕೂರಬೇಕು ಅಂತ ಗುರುತಿಸಿದ ಭಾಗ, ಮುಗಿಯುವ ಜಾಗದಲ್ಲೇ ಹನಿ ಶುರು. ಒಳಗಿನದು ಕಂಪ್ಯೂಟರ್ ಬರೆದ ಮುಖ, ಹೊರಗಿನದು ಡ್ಯೂಪ್‌ನ ನಿಜವಾದ ಕಣ್ಣೀರು.

ಫೋನ್ ಮಾಡಿದೆ. "ಅದು ಕಂಪ್ರೆಷನ್ ಸರ್, ಒರಿಜಿನಲ್ ಫೈಲ್‌ನಲ್ಲಿ ಇದೆ." ಒರಿಜಿನಲ್ ಕಳಿಸು ಅಂದೆ. ಅದರಲ್ಲೂ ಇಲ್ಲ. "ನಿಮ್ಮ ಲೈಟಿಂಗ್ ಸರಿ ಇಲ್ಲ ಸರ್." ಅದೇ ಲೈಟಿಂಗ್‌ನಲ್ಲಿ ಕುತ್ತಿಗೆ ಹೇಗೆ ಹೊಳೆಯಿತಪ್ಪಾ? ಅದಕ್ಕೆ ಉತ್ತರ ಇಲ್ಲ. ಕೊನೆಗೆ "ಜನ ಅಷ್ಟೆಲ್ಲ ನೋಡಲ್ಲ ಸರ್" ಅಂದ. ಕ್ಲೋಸ್‌ಅಪ್‌ನಲ್ಲಿ ಮುಖ ಬಿಟ್ಟು ಜನ ಇನ್ನೇನು ನೋಡುತ್ತಾರೆ?

ಬೈದ ಮೇಲೆ "ಕರೆಕ್ಷನ್" ಬಂತು. ಎಲ್ಲೋ ಸಿಕ್ಕ ರೆಡಿಮೇಡ್ ಹನಿಯನ್ನು ಕೆನ್ನೆ ಮೇಲೆ ಅಂಟಿಸಿದ್ದ. ಅವಳು ತಲೆ ತಿರುಗಿಸುತ್ತಾಳೆ, ಹನಿ ಮಾತ್ರ ನೆಟ್ಟಗೆ ಕೆಳಗಿಳಿಯುತ್ತದೆ. ಅದು ಹರಿದ ದಾರಿಯಲ್ಲಿ ಒದ್ದೆ ಗೆರೆಯೂ ಇಲ್ಲ. ಅಳುವ ಕಣ್ಣಿನ ಕೆಳರೆಪ್ಪೆ ಅಂಚಿನಲ್ಲಿ ನೀರು ತುಂಬಿ ಒಂದು ಸಣ್ಣ ಹೊಳಪಿನ ಗೆರೆ ಇರುತ್ತದಲ್ವಾ? ಅದೂ ಇಲ್ಲ. ಕಣ್ಣು ಕೆಂಪಾಗಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಕಣ್ಣು.

ಆಮೇಲೆ ಬೇರೆ ಬೇರೆ ದೃಶ್ಯದ ಪದರಗಳನ್ನು ಒಂದೇ ಶಾಟ್ ಆಗಿ ಜೋಡಿಸುವ ಕಂಪೋಸಿಟರ್ ಒಬ್ಬರು ಅವನು ಮಾಡಿದ್ದೇನು ಅಂತ ಬಿಡಿಸಿ ಹೇಳಿದರು. ಒಂದು ಫೋಟೊ ಕೊಟ್ಟರೆ ಮುಖ ಬದಲಿಸುವ ರೆಡಿಮೇಡ್ ಎಐ ಮಾಡೆಲ್ ಓಡಿಸಿದ್ದಾನೆ. ಅಂಥ ಒಂದು ಜನಪ್ರಿಯ ಮಾಡೆಲ್, inswapper_128, ಮುಖವನ್ನು ಬರೆಯುವುದೇ 128×128 ಪಿಕ್ಸೆಲ್‌ನಲ್ಲಿ. ನನ್ನ 4K ಕ್ಲೋಸ್‌ಅಪ್‌ನಲ್ಲಿ ಮುಖದ ಎತ್ತರವೇ ಸಾವಿರ ಪಿಕ್ಸೆಲ್‌ಗಿಂತ ಜಾಸ್ತಿ. ಅಷ್ಟು ಚಿಕ್ಕದರಲ್ಲಿ ಹನಿಗೆ ಜಾಗ ಎಲ್ಲಿದೆ? ಆ ಮಸುಕು ಹೋಗಲಿ ಅಂತ GFPGAN ಥರದ ರೀಸ್ಟೋರೇಶನ್ ಓಡಿಸುತ್ತಾರೆ. ಅದು ಮುಖವನ್ನು ನುಣುಪು ಮಾಡುತ್ತದೆ. ಉಳಿದಿದ್ದ ಬೆವರ ಹೊಳಪನ್ನೂ ಕಲೆ ಅಂದುಕೊಂಡು ಒರೆಸಿ ಹಾಕುತ್ತದೆ.

ಕೊನೆಗೆ ಶಾಟ್ ಉಳಿಸಿದ್ದು ಆ ಕಂಪೋಸಿಟರ್ ಅವರೇ. ಡ್ಯೂಪ್‌ನ ಒರಿಜಿನಲ್ ಶಾಟ್‌ನಿಂದ ಬರೀ ಹೊಳಪನ್ನು ಬೇರೆ ಮಾಡಿ, ಹೊಸ ಮುಖದ ಚಲನೆಗೆ ಟ್ರ್ಯಾಕ್ ಮಾಡಿ, ಮೇಲೆ ಕೂರಿಸಿದರು. ಕೂದಲಿನ ಎಳೆಯನ್ನು ಫ್ರೇಮ್ ಫ್ರೇಮ್ ರೋಟೊ ಮಾಡಿ, ಅಂದರೆ ಅದರ ಅಂಚನ್ನು ಗೆರೆ ಎಳೆದು ಬಿಡಿಸಿ, ವಾಪಸ್ ತಂದರು. ಇಬ್ಬರ ಕಣ್ಣಿನ ಆಕಾರ ಹೆಚ್ಚುಕಮ್ಮಿ ಒಂದೇ ಥರ ಇತ್ತು, ಹಾಗಾಗಿ ಕೆಳರೆಪ್ಪೆ ಡ್ಯೂಪ್‌ನದ್ದೇ ಉಳಿಯಿತು. ಆದರೂ ದಪ್ಪ ಹನಿ ಪೂರ್ತಿ ಸರಿಯಾಗಲಿಲ್ಲ. ಹನಿ ಅಂದರೆ ಬರೀ ಬೆಳಕಲ್ಲ, ಅದರ ಹಿಂದಿನ ಚರ್ಮವೂ ಬಾಗಿ ಕಾಣಬೇಕು, ಅಂಚಿನಲ್ಲಿ ಸಣ್ಣ ಕಪ್ಪು ಗೆರೆ ಇರಬೇಕು. ಅಂಥ ಎರಡು ಜಾಗದಲ್ಲಿ ಶಾಟ್ ಕಟ್ ಮಾಡಿದೆ.

ಅಡ್ವಾನ್ಸ್ ಕೊಡುವ ಮೊದಲು ನಿಮ್ಮದೇ ಒಂದು ಒದ್ದೆ ಶಾಟ್ ಕೊಟ್ಟು ಟೆಸ್ಟ್ ಮಾಡಿಸಿ. ಫುಲ್ ಸೈಜ್‌ನಲ್ಲಿ ನಿಲ್ಲಿಸಿ, ಕೆಳರೆಪ್ಪೆಯಿಂದ ದವಡೆವರೆಗೆ ಒಂದೇ ಹನಿಯನ್ನು ಹಿಂಬಾಲಿಸಿ. ಮಾಸ್ಕ್ ಬೇರೆ ಫೈಲ್ ಆಗಿ ಕೊಡುತ್ತೀಯಾ ಅಂತ ಕೇಳಿ. "ಯಾವ ಮಾಸ್ಕ್?" ಅಂತ ಅವನೇ ಕೇಳಿದರೆ ಎದ್ದು ಬನ್ನಿ. ನನ್ನವನು ಕೊಡಲೇ ಇಲ್ಲ, ಅದು "ಸ್ಟುಡಿಯೋ ಸೀಕ್ರೆಟ್" ಅಂತೆ. ಬಾಕಿ ಹಣ ಕೇಳಿ ಮಾತ್ರ ಇನ್ನೂ ಮೆಸೇಜ್ ಹಾಕುತ್ತಲೇ ಇದ್ದಾನೆ.