ವಾಶ್ ಬೇಸಿನ್ ಕಟ್ಟೆಗೆ ಯಾವುದು? ಗ್ರಾನೈಟ್, ಕ್ವಾರ್ಟ್ಜ್, ಸಾಲಿಡ್ ಸರ್ಫೇಸ್

ಕಲ್ಲಿನ ಅಂಗಡಿಗಳಲ್ಲಿ ಅಡುಗೆಮನೆಗೆ ಹೇಳುವ ಸಲಹೆಯನ್ನೇ ಬಚ್ಚಲುಮನೆಗೂ ಹೇಳುತ್ತಾರೆ. ಬಿಸಿ ಪಾತ್ರೆ ಇಟ್ಟರೆ ಏನಾಗುತ್ತದೆ, ಚಾಕುವಿನಿಂದ ಗೀರು ಬೀಳುತ್ತದೆಯೇ ಎಂಬುದು ಅಲ್ಲಿನ ಮಾತು. ವಾಶ್ ಬೇಸಿನ್ ಕಟ್ಟೆಯ ಮೇಲೆ ಪಾತ್ರೆಯೂ ಇಲ್ಲ, ಚಾಕುವೂ ಇಲ್ಲ. ಅಲ್ಲಿ ಚೆಲ್ಲುವುದು ಕೊಬ್ಬರಿ ಎಣ್ಣೆ, ಕೂದಲಿಗೆ ಹಚ್ಚುವ ಕಪ್ಪು ಬಣ್ಣ, ಅರಿಶಿನ, ಉಗುರುಬಣ್ಣ ತೆಗೆಯುವ ದ್ರವ. ಇವುಗಳ ಜೊತೆಗೆ ಕೊಳವೆ ಬಾವಿಯ ಗಡಸು ನೀರು ಬಿಟ್ಟುಹೋಗುವ ಬಿಳಿ ಪದರ, ಆ ಪದರವನ್ನು ತೆಗೆಯಲು ಸುರಿಯುವ ಆಸಿಡ್. ಹೀಗಾಗಿ ಬೆಂಗಳೂರಿನ ನಮ್ಮ ಮನೆಯ ಬಚ್ಚಲುಮನೆಗಳನ್ನು ಹೊಸದು ಮಾಡಿಸುವ ಮೊದಲು ಮೂರೂ ಬಗೆಯ ತುಂಡುಗಳನ್ನು ತಂದು, ಇದೇ ವಸ್ತುಗಳನ್ನು ಅವುಗಳ ಮೇಲೆ ಹಾಕಿ, ರಾತ್ರಿಯಿಡೀ ಬಿಟ್ಟು ನೋಡಿದೆ.

ಮೂರರ ಗುಣವೂ ಅವುಗಳ ಒಳಗೇನಿದೆ ಎಂಬುದರಿಂದ ಬರುತ್ತದೆ. ಗ್ರಾನೈಟ್ ನೆಲದಿಂದ ಕತ್ತರಿಸಿ ತೆಗೆದ ಕಲ್ಲು. ಖನಿಜದ ಹರಳುಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಕ್ವಾರ್ಟ್ಜ್ ಎಂದು ಮಾರುವ ಹಲಗೆಯಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಶೇ. 90ರಷ್ಟು ಬೆಣಚುಕಲ್ಲಿನ ಚೂರು ಮತ್ತು ಪುಡಿ, ಉಳಿದದ್ದು ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ರಾಳ ಮತ್ತು ಬಣ್ಣ. ಸಾಲಿಡ್ ಸರ್ಫೇಸ್‌ನಲ್ಲಿ ಕಲ್ಲೇ ಇಲ್ಲ. ಸುಮಾರು ಮೂರನೇ ಒಂದು ಭಾಗ ಅಕ್ರಿಲಿಕ್, ಮಿಕ್ಕಿದ್ದು ಅಲ್ಯೂಮಿನಿಯಂ ಮೂಲದ ಬಿಳಿ ಖನಿಜದ ಪುಡಿ. 12 ಮಿಲಿಮೀಟರ್ ದಪ್ಪದ ಆ ಹಾಳೆ ಮೇಲಿನಿಂದ ಕೆಳಗಿನವರೆಗೂ ಒಂದೇ ವಸ್ತು, ಒಂದೇ ಬಣ್ಣ.

ಎಣ್ಣೆಯ ಪರೀಕ್ಷೆಯಲ್ಲಿ ಗ್ರಾನೈಟ್ ಎಂಬುದು ಒಂದೇ ಕಲ್ಲಲ್ಲ ಎಂಬುದು ಸ್ಪಷ್ಟವಾಯಿತು. ಬಿಳಿ ಗ್ರಾನೈಟಿನ ತುಂಡು ಕೊಬ್ಬರಿ ಎಣ್ಣೆಯನ್ನು ಹೀರಿಕೊಂಡು, ಬೆಳಿಗ್ಗೆ ನೋಡಿದರೆ ಬೂದು ಮಚ್ಚೆ ಹೊತ್ತು ಕುಳಿತಿತ್ತು. ಅಡುಗೆ ಸೋಡಾವನ್ನು ಮುದ್ದೆ ಮಾಡಿ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟಾಗ ಮಚ್ಚೆ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಚಾಮರಾಜನಗರದ ಕಪ್ಪು ಕಲ್ಲಿನ ಮೇಲೆ ಮಾತ್ರ ಒರೆಸಿದ ನಂತರ ಏನೂ ಉಳಿಯಲಿಲ್ಲ. ಭೂವಿಜ್ಞಾನದ ಪ್ರಕಾರ ಅದು ಡಾಲರೈಟ್, ಹರಳುಗಳು ಬಲು ಒತ್ತಾಗಿ ಕೂಡಿರುವ ಕಲ್ಲು. ಮಾರುಕಟ್ಟೆ ಅದನ್ನೂ ಗ್ರಾನೈಟ್ ಎಂದೇ ಕರೆಯುತ್ತದೆ. ಅಂಗಡಿಯಲ್ಲೇ ಇದನ್ನು ತಿಳಿಯಬಹುದು: ಕಲ್ಲಿನ ಮೇಲೆ ಒಂದು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಆ ಜಾಗ ಗಾಢವಾಗಿದ್ದರೆ ಕಲ್ಲು ಹೀರುತ್ತದೆ, ಅದಕ್ಕೆ ಸಂದುಗಳನ್ನು ಮುಚ್ಚುವ ಸೀಲರ್ ದ್ರವ ಬಳಿಯಲೇಬೇಕು, ಮತ್ತೆ ಮತ್ತೆ ಬಳಿಯುತ್ತಿರಬೇಕು. ಕಪ್ಪು ಕಲ್ಲಾದರೆ ಇನ್ನೊಂದು ಪರೀಕ್ಷೆಯೂ ಅಗತ್ಯ. ಬೂದು ಕಲ್ಲಿಗೆ ಬಣ್ಣ ಕುಡಿಸಿ ಕಪ್ಪೆಂದು ಮಾರುವುದುಂಟು. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜಿದಾಗ ಬಟ್ಟೆಗೆ ಕಪ್ಪು ಅಂಟಿದರೆ ಅದನ್ನು ಕೊಳ್ಳಬೇಡಿ.

ಕೂದಲ ಬಣ್ಣವೇ ನಿಜವಾದ ಪರೀಕ್ಷೆ, ಏಕೆಂದರೆ ಅದು ಗಾಳಿಗೆ ತೆರೆದುಕೊಂಡಂತೆ ಕಪ್ಪಾಗುತ್ತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕಪ್ಪು ಗ್ರಾನೈಟಿನ ಮೇಲೆ ಅದರ ಸುಳಿವೇ ಕಾಣಲಿಲ್ಲ. ಬಿಳಿ ಕ್ವಾರ್ಟ್ಜ್ ಮೇಲೆ ಬಿದ್ದ ತಕ್ಷಣ ಒರೆಸಿದ ಹನಿ ಪೂರ್ತಿ ಹೋಯಿತು. ರಾತ್ರಿಯಿಡೀ ಬಿಟ್ಟ ಹನಿ ಮಸುಕಾದ ನೆರಳನ್ನು ಉಳಿಸಿತು. ಕಲೆ ಹಿಡಿಯುವುದು ಬೆಣಚುಕಲ್ಲಲ್ಲ, ನಡುವಿನ ರಾಳ. ಆದ್ದರಿಂದ ‘ಕ್ವಾರ್ಟ್ಜ್‌ಗೆ ಕಲೆಯೇ ಆಗುವುದಿಲ್ಲ’ ಎಂಬ ಮಾರಾಟಗಾರರ ಮಾತನ್ನು ಒಪ್ಪಲಾರೆ. ಅದನ್ನು ಉಜ್ಜಿ ತೆಗೆಯಲು ಹೋದರೆ ಕಾರ್ಖಾನೆಯ ಹೊಳಪೂ ಹೋಗುತ್ತದೆ, ಮನೆಯಲ್ಲಿ ಅದನ್ನು ಮರಳಿ ತರಲಾಗುವುದಿಲ್ಲ.

ಸಾಲಿಡ್ ಸರ್ಫೇಸ್ ಎಲ್ಲಕ್ಕಿಂತ ಹೆಚ್ಚು ಕಲೆ ಹಿಡಿಯಿತು. ಕೂದಲ ಬಣ್ಣದ ಕಂದು ಗುರುತು ಸೋಪಿಗೆ ಜಗ್ಗಲಿಲ್ಲ, ಅರಿಶಿನ ಹಳದಿಯಾಗಿ ನಿಂತಿತು. ಉಗುರುಬಣ್ಣ ತೆಗೆಯುವ ದ್ರವದಲ್ಲಿರುವ ಅಸಿಟೋನ್ ಅಕ್ರಿಲಿಕ್ಕನ್ನೇ ಮೆತ್ತಗಾಗಿಸಿ ಬೆಳ್ಳನೆಯ ಮಚ್ಚೆ ಮಾಡಿತು. ಆದರೆ ಪಾತ್ರೆ ತೊಳೆಯುವ ಹಸಿರು ಸ್ಕ್ರಬರ್ ಮತ್ತು ಉಜ್ಜುವ ಪುಡಿಯಿಂದ ವೃತ್ತಾಕಾರವಾಗಿ ತಿಕ್ಕಿದಾಗ ಬಣ್ಣದ ಗುರುತು ಹೋಯಿತು. ಅಸಿಟೋನ್ ಮಚ್ಚೆಗೆ ನಯವಾದ ಮರಳು ಕಾಗದ ಬೇಕಾಯಿತು. ಒಳಗೂ ಅದೇ ವಸ್ತು ಇರುವುದರಿಂದ ಮೇಲಿನ ಪದರ ಸವೆದರೂ ನಷ್ಟವಿಲ್ಲ. ಈ ಕಾರಣಕ್ಕೆ ಹೊಳಪಿನ ಮೇಲ್ಮೈಯ ಬದಲು ಮ್ಯಾಟ್ ಮೇಲ್ಮೈಯನ್ನೇ ಆರಿಸಬೇಕು, ಉಜ್ಜಿದ ಜಾಗ ಬೇರೆಯಾಗಿ ಕಾಣುವುದಿಲ್ಲ. ಅರಿಶಿನದ ಕಲೆಗಂತೂ ಉಜ್ಜುವ ಅಗತ್ಯವೂ ಬರಲಿಲ್ಲ: ತುಂಡನ್ನು ಬಿಸಿಲಿಗಿಟ್ಟಾಗ ಹಳದಿ ತಾನಾಗಿ ಮಾಸಿತು. ಅರಿಶಿನದ ಬಣ್ಣದ ಅಂಶ ಬೆಳಕಿನಲ್ಲಿ ಒಡೆದುಹೋಗುತ್ತದೆ. ಕಿಟಕಿಯಿಲ್ಲದ ಬಚ್ಚಲಿಗೆ ಈ ಅನುಕೂಲ ಸಿಗದು.

ಕಪ್ಪು ಗ್ರಾನೈಟಿನ ದೌರ್ಬಲ್ಯ ಬೇರೆ ಕಡೆಯಿದೆ. ಗಡಸು ನೀರು ಒಣಗಿದಲ್ಲೆಲ್ಲ ಸುಣ್ಣದ ಬಿಳಿ ಬಳೆಗಳು ಎದ್ದು ಕಾಣುತ್ತವೆ. ಅವು ಕಲ್ಲಿನ ಕಲೆಯಲ್ಲ, ಕಲ್ಲಿನ ಮೇಲೆ ಕುಳಿತ ಪದರ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಕೆಲವು ನಿಮಿಷ ಇಟ್ಟು, ತಿಕ್ಕಿ, ಚೆನ್ನಾಗಿ ತೊಳೆದರೆ ಬಿಡುತ್ತವೆ. ಅದರ ಬದಲು ಶೌಚಾಲಯ ತೊಳೆಯುವ ಆಸಿಡ್ ಹಾಕಿದಾಗ ಪದರ ಕ್ಷಣದಲ್ಲಿ ಕರಗಿತು, ಜೊತೆಗೆ ನನ್ನ ತುಂಡಿನ ಹೊಳಪೂ ಹೋಯಿತು. ಕಪ್ಪು ಕಲ್ಲಿನ ಫೆಲ್ಡ್‌ಸ್ಪಾರ್ ಹರಳುಗಳು ಆ ಆಸಿಡ್‌ಗೆ ಸವೆಯುತ್ತವೆ. ಮನೆಗೆಲಸದವರಿಗೆ ಇದನ್ನು ಮೊದಲೇ ತಿಳಿಸಿಡುವುದು ಒಳ್ಳೆಯದು. ತಿಳಿ ಬಣ್ಣದ ಕ್ವಾರ್ಟ್ಜ್ ಮೇಲೆ ಸುಣ್ಣ ಕಣ್ಣಿಗೇ ಬೀಳುವುದಿಲ್ಲ. ಈ ಒಂದು ವಿಷಯದಲ್ಲಿ ಅದು ಉಳಿದೆರಡಕ್ಕಿಂತ ನೆಮ್ಮದಿ.

ಖರ್ಚಿನ ಲೆಕ್ಕದಲ್ಲಿ ಚದರ ಅಡಿಯ ದರ ದಾರಿ ತಪ್ಪಿಸುತ್ತದೆ. ನಮ್ಮ ಕಟ್ಟೆ 4 ಅಡಿ ಉದ್ದ, 22 ಅಂಗುಲ ಅಗಲ. ಗೋಡೆಯ ಬದಿಯ 4 ಅಂಗುಲದ ಪಟ್ಟಿಯೂ ಸೇರಿ ಬಿಲ್ಲಿನಲ್ಲಿ 9 ಚದರ ಅಡಿ. ನಮಗೆ ಹೇಳಿದ ದರದಲ್ಲಿ ಕಪ್ಪು ಗ್ರಾನೈಟ್ ಅಡಿಗೆ 180 ರೂಪಾಯಿ, ಅಂದರೆ ಕಲ್ಲಿಗೆ 1,620. ಅಂಚಿನ ಪಾಲಿಶ್, ಬೇಸಿನ್ ಮತ್ತು ನಲ್ಲಿಯ ರಂಧ್ರ, ಸಾಗಣೆ, ಕೂರಿಸುವ ಕೂಲಿ ಸೇರಿದಾಗ ಮೊತ್ತ 4,500 ದಾಟಿತು. ಕಲ್ಲಿಗಿಂತ ಕೆಲಸಕ್ಕೇ ಹೆಚ್ಚು. ಕ್ವಾರ್ಟ್ಜ್ ಅಡಿಗೆ 450 ಎಂದರು, ಆದರೆ ಸುಮಾರು 50 ಚದರ ಅಡಿಯ ಇಡೀ ಹಲಗೆ ಕೊಳ್ಳಬೇಕೆಂದರು, ಅಲ್ಲಿಗೆ 22,500. ಬೇರೊಬ್ಬರ ಅಡುಗೆಮನೆಗೆ ಕತ್ತರಿಸಿ ಉಳಿದ ತುಂಡು ಸಿಕ್ಕಿದ್ದರಿಂದ ಕೆಲಸವೂ ಸೇರಿ 8,000 ಚಿಲ್ಲರೆಗೆ ಮುಗಿಯಿತು. ಸಾಲಿಡ್ ಸರ್ಫೇಸ್‌ನಲ್ಲಿ ಬೇಸಿನ್ನನ್ನೂ ಅದೇ ವಸ್ತುವಿನಿಂದ ಸಂದಿಲ್ಲದೆ ಕೂಡಿಸಿ ಕೊಡುತ್ತಾರೆ, 17,000 ಹೇಳಿದರು. ಕಟ್ಟೆಗೂ ಬೇಸಿನ್ನಿಗೂ ನಡುವೆ ಕಪ್ಪು ಬೂಷ್ಟು ಹಿಡಿಯುವ ಸಿಲಿಕೋನ್ ಗೆರೆ ಅದರಲ್ಲಿ ಇರುವುದಿಲ್ಲ ಎಂಬುದನ್ನು ಆ ಬೆಲೆಯ ಜೊತೆಗಿಟ್ಟು ನೋಡಬೇಕು.

ಎಲ್ಲರೂ ಬಳಸುವ ಕೆಳಗಿನ ಬಚ್ಚಲಿಗೆ ಕಪ್ಪು ಗ್ರಾನೈಟ್ ಹಾಕಿಸಿದೆವು. ಅಮ್ಮ ಅಲ್ಲೇ ಕೂದಲಿಗೆ ಬಣ್ಣ ಹಚ್ಚಿಕೊಳ್ಳುತ್ತಾರೆ. ಮೇಲಿನ ಕೋಣೆಗೆ ಕ್ವಾರ್ಟ್ಜ್ ತುಂಡು ಹೋಯಿತು. ಸಾಲಿಡ್ ಸರ್ಫೇಸ್ ನನಗೆ ಮನಸ್ಸಾರೆ ಮೆಚ್ಚುಗೆಯಾದರೂ, ಗ್ರಾನೈಟಿನ ಸುಮಾರು ನಾಲ್ಕು ಪಟ್ಟು ಬೆಲೆಯನ್ನು ನಮ್ಮ ಮನೆಗೆ ಸಮರ್ಥಿಸಲಾಗಲಿಲ್ಲ. ಕ್ವಾರ್ಟ್ಜ್ ಆರಿಸುವವರು ಒಂದನ್ನು ಪಟ್ಟು ಹಿಡಿದು ಕೇಳಬೇಕು: ರಂಧ್ರ ಕೊರೆಯುವುದು, ಅಂಚು ಉಜ್ಜುವುದು ಎಲ್ಲ ಕಾರ್ಖಾನೆಯಲ್ಲೇ ನೀರು ಬಿಟ್ಟುಕೊಂಡು ನಡೆಯಲಿ. ಒಣ ಗ್ರೈಂಡರ್‌ನಿಂದ ಏಳುವ ಅದರ ಧೂಳಿನಲ್ಲಿ ಸಿಲಿಕಾ ವಿಪರೀತ, ಅದು ಕೆಲಸಗಾರರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ಆಸ್ಟ್ರೇಲಿಯ 2024ರ ಜುಲೈ 1ರಿಂದ ಈ ಬಗೆಯ ಕೃತಕ ಕಲ್ಲನ್ನೇ ನಿಷೇಧಿಸಿದ್ದು ಇದೇ ಕಾರಣಕ್ಕೆ. ಕೂರಿಸಲು ಬಂದವರು ಮನೆಯ ಅಂಗಳದಲ್ಲಿ ಒಣ ಕಲ್ಲಿಗೆ ಯಂತ್ರ ಹಚ್ಚಲು ಹೊರಟರೆ ತಡೆಯಿರಿ, ಅಳತೆ ತಪ್ಪಿದ್ದರೂ ತುಂಡನ್ನು ಕಾರ್ಖಾನೆಗೇ ವಾಪಸು ಕಳಿಸಿ.