ಸ್ಕೇಲೋ, ಪಿಕ್ಸೆಲ್ಲೋ, ಡಿಜಿಟೈಸರೋ? ಅಚ್ಚಾದ ಗ್ರಾಫಿನಿಂದ ಅಂಕಿ ತೆಗೆಯುವ ಮೂರು ದಾರಿ

ನಮ್ಮ ತಾಲೂಕಿನ ಮಳೆಯ ಬಗ್ಗೆ ಒಂದು ಹಳೆಯ ವರದಿಯ ಜೆರಾಕ್ಸ್ ಪ್ರತಿ ಸಿಕ್ಕಿತ್ತು. ಹತ್ತು ವರ್ಷದ ಮಳೆ ಅದರಲ್ಲಿದೆ, ಆದರೆ ಅಂಕಿಗಳ ಪಟ್ಟಿ ಇಲ್ಲ. ಬರೀ ಬಾರ್ ಚಾರ್ಟ್. ನನಗೆ ಬೇಕಿದ್ದದ್ದು ಅಂಕಿಗಳು.

ಕಣ್ಣಂದಾಜಿನಲ್ಲಿ ಬರೆದುಕೊಳ್ಳಬಹುದಿತ್ತು. ಆದರೆ ಅದು ಎಷ್ಟು ತಪ್ಪು ಅಂತ ತಿಳಿಯೋದು ಹೇಗೆ? ಅದಕ್ಕೆ ಮೊದಲು ಉತ್ತರ ಗೊತ್ತಿರುವ ಗ್ರಾಫಿನ ಮೇಲೆ ಪ್ರಯೋಗ ಮಾಡಿದೆ. ನಮ್ಮ ಮನೆಯ ಕರೆಂಟ್ ಬಿಲ್ಲಿನ ಒಂದು ವರ್ಷದ ಯೂನಿಟ್‌ಗಳನ್ನು ಬಾರ್ ಚಾರ್ಟ್ ಮಾಡಿ, ಪ್ರಿಂಟ್ ತೆಗೆದು, ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡೆ. ಆಮೇಲೆ ಮೂರು ದಾರಿಯಲ್ಲಿ ಅಂಕಿ ತೆಗೆದು, ಬಿಲ್ಲಿನ ಜೊತೆ ಹೋಲಿಸಿದೆ.

ಮೊದಲು ಸ್ಕೇಲ್. ಜಾಮಿಟ್ರಿ ಬಾಕ್ಸಿನ ಸ್ಕೇಲ್ ಮತ್ತು ಸೆಟ್ ಸ್ಕ್ವೇರ್ ಸಾಕು. ನನ್ನ ಪ್ರಿಂಟಿನಲ್ಲಿ 0 ಗೆರೆಯಿಂದ 200 ಗೆರೆಗೆ ಸರಿಯಾಗಿ 80 ಮಿ.ಮೀ. ಇತ್ತು. ಅಂದರೆ ಒಂದು ಮಿ.ಮೀ.ಗೆ ಎರಡೂವರೆ ಯೂನಿಟ್. ಮೇ ತಿಂಗಳ ಬಾರ್ 54 ಮಿ.ಮೀ. ಎತ್ತರ, ಹಾಗಾಗಿ 135. ಬಿಲ್ಲಿನಲ್ಲಿ ಇದ್ದದ್ದು 134. ಪರವಾಗಿಲ್ಲ ಅಲ್ವಾ?

ಸ್ಕೇಲಿನ ಮಿತಿಯೂ ಇಲ್ಲೇ ಕಾಣುತ್ತದೆ. ನನ್ನ ಕಣ್ಣು ಅರ್ಧ ಮಿ.ಮೀ.ಗಿಂತ ಸಣ್ಣದನ್ನು ನಂಬಿಕೆಯಿಂದ ಓದಲಾರದು. ಈ ಪ್ರಿಂಟಿನಲ್ಲಿ ಅರ್ಧ ಮಿ.ಮೀ. ಅಂದರೆ 1.25 ಯೂನಿಟ್. ಹಾಗಿರುವಾಗ ಪಟ್ಟಿಯಲ್ಲಿ 96.25 ಅಂತ ಬರೆಯುವುದು ಸುಮ್ನೆ ತೋರಿಕೆ, 96 ಅಂದರೆ ಸಾಕು. ಸೆಟ್ ಸ್ಕ್ವೇರ್ ಯಾಕೆ ಅಂದರೆ, ಬಾರ್ ಅಕ್ಷದಿಂದ ದೂರ ಇದ್ದಾಗ ಅದರ ತುದಿಯನ್ನು ಅಕ್ಷದವರೆಗೆ ನೇರವಾಗಿ ಎಳೆದು ತರಲು. ಬರೀ ಕಣ್ಣಲ್ಲಿ ಎಳೆದರೆ ಬಲಗಡೆಯ ಬಾರ್‌ಗಳು ಮೇಲೆ ಕೆಳಗೆ ಆಗುತ್ತವೆ.

ಎರಡನೆಯದು ಪಿಕ್ಸೆಲ್. ಫೋಟೊವನ್ನು GIMP ಅಥವಾ Paint‌ನಲ್ಲಿ ತೆರೆದು, ಕರ್ಸರ್ ಎಲ್ಲಿಟ್ಟರೂ ಆ ಜಾಗದ x, y ಕೆಳಗಿನ ಪಟ್ಟಿಯಲ್ಲಿ ಬರುತ್ತದೆ. ಒಂದೇ ನೆನಪಿಡಬೇಕು: ಇಲ್ಲಿ y ಮೇಲಿನಿಂದ ಕೆಳಗೆ ಎಣಿಕೆ. ಮೇಲೆ ಹೋದಷ್ಟೂ ಸಂಖ್ಯೆ ಕಡಿಮೆ. ನನ್ನ ಫೋಟೊದಲ್ಲಿ ಎಡಗಡೆ 0 ಗೆರೆ 1412ರಲ್ಲಿ, 200 ಗೆರೆ 212ರಲ್ಲಿ. ನಡುವೆ 1200 ಪಿಕ್ಸೆಲ್, ಯೂನಿಟ್‌ಗೆ 6. ಸ್ಕೇಲಿಗಿಂತ ಎಷ್ಟೋ ಸೂಕ್ಷ್ಮ.

ಖುಷಿಯಿಂದ ಹನ್ನೆರಡೂ ಬಾರ್ ಓದಿದೆ. ಜನವರಿ 96, ಬಿಲ್ಲಿನಷ್ಟೇ. ಮೇ 132.5. ಡಿಸೆಂಬರ್ 84, ಬಿಲ್ಲಿನಲ್ಲಿ 88! ಸ್ಕೇಲಿನಲ್ಲಿ 89 ಬಂದಿದ್ದ ಬಾರ್ ಅದು. ಸೂಕ್ಷ್ಮ ಅಂದುಕೊಂಡ ದಾರಿಯೇ ಹೆಚ್ಚು ತಪ್ಪಿತ್ತು.

ತಪ್ಪು ಎಡದಿಂದ ಬಲಕ್ಕೆ ಮೆಲ್ಲಗೆ ಬೆಳೆದಿತ್ತು, ಅದೇ ಸುಳಿವು. 0 ಗೆರೆಯ ಬಲತುದಿಗೆ ಹೋಗಿ ಕರ್ಸರ್ ಇಟ್ಟೆ. 1436. ಫೋಟೊ ಒಂದು ಡಿಗ್ರಿಯೂ ಇಲ್ಲದಷ್ಟು ವಾಲಿದೆ, ಕಣ್ಣಿಗೆ ಗೊತ್ತೇ ಆಗದು. ಆದರೆ ಆ 24 ಪಿಕ್ಸೆಲ್ ಅಂದರೆ 4 ಯೂನಿಟ್. ಡಿಸೆಂಬರ್ ಕಳೆದುಕೊಂಡಿದ್ದು ಸರಿಯಾಗಿ ಅಷ್ಟೇ.

ಪರಿಹಾರ ಸುಲಭ. ಎಲ್ಲಕ್ಕೂ ಒಂದೇ ಸೊನ್ನೆ ಇಟ್ಟುಕೊಳ್ಳದೆ, ಪ್ರತಿ ಬಾರಿನ ಬುಡವನ್ನೂ ತುದಿಯನ್ನೂ ಓದಿ ಕಳೆಯುವುದು. ಸ್ಪ್ರೆಡ್‌ಶೀಟಿನ Bಯಲ್ಲಿ ಬುಡ, Cಯಲ್ಲಿ ತುದಿ:

```
=(B2-C2)/6
```

ಮೇ ತಿಂಗಳಿಗೆ ಬುಡ 1421, ತುದಿ 617. ವ್ಯತ್ಯಾಸ 804, ಆರರಿಂದ ಭಾಗಿಸಿದರೆ 134. ಬಿಲ್ಲಿನ ಅಂಕಿಯೇ ಬಂತು.

ಆದರೆ ಕಾಗದ ಬಗ್ಗಿದ್ದರೆ, ಅಥವಾ ಮೊಬೈಲನ್ನು ಓರೆಯಾಗಿ ಹಿಡಿದಿದ್ದರೆ, ಈ ಉಪಾಯ ನಡೆಯದು. ಅದನ್ನು ತಿಳಿಯಲು ನಡುವಿನ ಗೆರೆ ನೋಡಿ. 0ಯಿಂದ 100ಕ್ಕೆ ಎಷ್ಟು ಪಿಕ್ಸೆಲ್ಲೋ 100ರಿಂದ 200ಕ್ಕೂ ಅಷ್ಟೇ ಇರಬೇಕು. ಒಂದು ಕಡೆ 615, ಇನ್ನೊಂದು ಕಡೆ 585 ಅಂತ ಬಂದರೆ ಲೆಕ್ಕ ಸರಿಮಾಡುತ್ತಾ ಕೂರಬೇಡಿ. ಇನ್ನೊಂದು ಫೋಟೊ ತೆಗೆಯಿರಿ, ಸ್ವಲ್ಪ ದೂರದಿಂದ, ನೇರ ಮೇಲಿನಿಂದ, ಝೂಮ್ ಮಾಡಿ. ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು.

ಮೂರನೆಯದು WebPlotDigitizer. ಬ್ರೌಸರಿನಲ್ಲೇ ನಡೆಯುತ್ತದೆ. ಚಿತ್ರ ಹಾಕಿ, ಅಕ್ಷದ ಮೇಲೆ ನಾಲ್ಕು ಬಿಂದು ಒತ್ತಿ (X1, X2, Y1, Y2), ಅವುಗಳ ಬೆಲೆ ಕೊಡಬೇಕು. ಬಾರ್ ಚಾರ್ಟಿಗೆ ಅದರಲ್ಲಿ ಬೇರೆ ಆಯ್ಕೆಯೇ ಇದೆ. ಆದರೂ ನಾನು ನಾಲ್ಕು ಬಿಂದುವಿನ XY ಆಯ್ಕೆಯನ್ನೇ ಬಳಸಿದೆ. ಜನವರಿ ಬಾರಿನ ಬುಡದ ನಡುವನ್ನು 1, ಡಿಸೆಂಬರಿನದನ್ನು 12 ಅಂತ ಕೊಟ್ಟೆ. ಹೀಗೆ ಮಾಡಿದರೆ ಚಿತ್ರದ ವಾಲಿಕೆಯನ್ನು ಅದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬುಡ ಕಳೆಯುವ ಕೆಲಸ ತಪ್ಪಿತು.

ನಾಲ್ಕು ತಿಂಗಳ ಫಲ ಹೀಗಿದೆ. ಪಿಕ್ಸೆಲ್ ಅಂಕಿ ಬುಡ ಸರಿಮಾಡಿದ ನಂತರದ್ದು.

| ತಿಂಗಳು | ಬಿಲ್ | ಸ್ಕೇಲ್ | ಪಿಕ್ಸೆಲ್ | ಡಿಜಿಟೈಸರ್ |
|---|---|---|---|---|
| ಜನವರಿ | 96 | 96 | 96 | 96 |
| ಏಪ್ರಿಲ್ | 151 | 150 | 151 | 151 |
| ಮೇ | 134 | 135 | 134 | 134 |
| ಡಿಸೆಂಬರ್ | 88 | 89 | 88 | 87 |

ಹನ್ನೆರಡು ಬಾರಿಗೆ ಇಷ್ಟೇ ವ್ಯತ್ಯಾಸ. ನಿಜ ಹೇಳಬೇಕೆಂದರೆ ಸ್ಕೇಲೇ ಬೇಗ ಮುಗಿಯಿತು. ಕಾಗದ ಕೈಯಲ್ಲಿದ್ದು, ಬಾರ್‌ಗಳು ಹತ್ತು ಹದಿನೈದು ಇದ್ದರೆ ನಾನು ಈಗಲೂ ಸ್ಕೇಲನ್ನೇ ಎತ್ತಿಕೊಳ್ಳುತ್ತೇನೆ. ಫೋಟೊ ಮಾತ್ರ ಇದ್ದರೆ ಪಿಕ್ಸೆಲ್.

ಲೈನ್ ಗ್ರಾಫಿನ ಕಥೆ ಬೇರೆ. ಅದೇ ಬಿಲ್ಲುಗಳ ಐದು ವರ್ಷದ ಗ್ರಾಫ್ ಮಾಡಿದೆ, 60 ಬಿಂದು. ಸ್ಕೇಲಿನಲ್ಲಿ ಇಪ್ಪತ್ತನೆಯ ಬಿಂದುವಿಗೆ ಯಾವ ತಿಂಗಳಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಗೆರೆ ಕಡಿದಾಗಿ ಏರುವ ಜಾಗದಲ್ಲಂತೂ ಪಕ್ಕಕ್ಕೆ ಕೂದಲೆಳೆಯಷ್ಟು ಸರಿದರೂ ಎತ್ತರ ಹತ್ತಾರು ಯೂನಿಟ್ ಬದಲಾಗುತ್ತದೆ. ಇಲ್ಲಿ ಡಿಜಿಟೈಸರ್ ಬೇಕೇ ಬೇಕು.

ಅದಕ್ಕೆ ಗೆರೆಯ ಬಣ್ಣ ತೋರಿಸಿದರೆ ಬಿಂದುಗಳನ್ನು ತಾನೇ ಹುಡುಕುತ್ತದೆ. ಮೊದಲ ಸಲ ಮೂಲೆಯಲ್ಲಿದ್ದ ಸೂಚಿಯ ನೀಲಿ ಗೆರೆಯನ್ನೂ ಗ್ರಾಫಿಗೇ ಸೇರಿಸಿಕೊಂಡುಬಿಟ್ಟಿತು. ಹುಡುಕುವ ಜಾಗವನ್ನು ಮೊದಲೇ ಪೆಟ್ಟಿಗೆ ಎಳೆದು ಗುರುತಿಸಿದರೆ ಈ ತಾಪತ್ರಯ ಇಲ್ಲ. ಇನ್ನೊಂದು ತಪ್ಪು ಇಷ್ಟು ಸುಲಭಕ್ಕೆ ಕಣ್ಣಿಗೆ ಬೀಳದು. ತಾನೇ ಹುಡುಕುವಾಗ ಅದು ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುತ್ತದೆ. ಚೂಪಾದ ಶಿಖರ ಇದ್ದಲ್ಲಿ ತುದಿ ಸವೆಯುತ್ತದೆ. ನನ್ನ ಏಪ್ರಿಲ್ ತಿಂಗಳ 151 ಇಲ್ಲಿ 146 ಆಯಿತು. ಉಳಿದದ್ದೆಲ್ಲ ಚೆನ್ನಾಗಿ ಬಂದಿದ್ದರಿಂದ ಇದು ಕಾಣಿಸದೇ ಹೋಗುತ್ತಿತ್ತು. ಈಗ ಸರಾಸರಿಯ ಅಗಲ ΔX ಕಡಿಮೆ ಮಾಡುತ್ತೇನೆ. ಶಿಖರ, ಕಣಿವೆಗಳನ್ನು ಮಾತ್ರ ಕೈಯಲ್ಲೇ ಕ್ಲಿಕ್ ಮಾಡುತ್ತೇನೆ.

ಇಷ್ಟು ಕಲಿತು ಮಳೆ ವರದಿಗೆ ಬಂದೆ. ಕಾಗದ ಕೈಯಲ್ಲಿದೆ, ಹತ್ತೇ ಬಾರ್, ಆದ್ದರಿಂದ ಸ್ಕೇಲ್. ಅಳೆದು, ಗುಣಿಸಿ, ಸರಾಸರಿ ತೆಗೆದರೆ 410 ಮಿ.ಮೀ. ಬಂತು. ವರದಿಯ ಬರಹದಲ್ಲಿ ಹತ್ತು ವರ್ಷದ ಸರಾಸರಿ 812 ಅಂತ ಅಚ್ಚಾಗಿತ್ತು. ಒಂದೊಂದು ಬಾರ್ ಓದುವಾಗಿನ ಸಣ್ಣ ತಪ್ಪುಗಳು ಸರಾಸರಿಯಲ್ಲಿ ಹೆಚ್ಚುಕಮ್ಮಿ ಅಳಿಸಿಹೋಗುತ್ತವೆ. ಅಕ್ಷದ ತಪ್ಪು ಅಳಿಯುವುದಿಲ್ಲ. ಹೆಚ್ಚುಕಮ್ಮಿ 400 ಖೋತಾ ಅಂದರೆ ಅದು ಅಕ್ಷದ್ದೇ ಇರಬೇಕು. ಚಾರ್ಟಿನ ಬುಡವನ್ನು ಬೆಳಕಿಗೆ ಹಿಡಿದೆ. ಜೆರಾಕ್ಸಿನಲ್ಲಿ ಅರ್ಧ ಅಳಿಸಿದ್ದ ಮೊದಲ ಅಂಕಿ 0 ಅಲ್ಲ, 400.